90 ನಿಮಿಷ, 18 ಸೀರೆ: ಲೈವ್ ಮಾರಾಟಕ್ಕೆ ಕೂರುವ ಮುನ್ನ

ಅಂಗಡಿಗೆ ಬಂದ ಗಿರಾಕಿ ಸೀರೆಯನ್ನು ಬೆರಳಿನಲ್ಲಿ ಹಿಡಿದು ನೋಡುತ್ತಾರೆ, ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಾರೆ, ಬೀದಿಯ ಬೆಳಕಿಗೆ ತಂದು ಬಣ್ಣ ಪರೀಕ್ಷಿಸುತ್ತಾರೆ. ಫೋನಿನ ಲೈವ್‌ನಲ್ಲಿ ಈ ಮೂರೂ ಆಗುವುದಿಲ್ಲ. ಮುಟ್ಟುವ ಕೆಲಸವನ್ನು ಮಾರುವವರ ಮಾತು ಮಾಡಬೇಕು, ಬಣ್ಣ ನೋಡುವ ಕೆಲಸವನ್ನು ಕ್ಯಾಮೆರಾ ಮಾಡಬೇಕು. ಬೇಕೋ ಬೇಡವೋ ಎಂದು ಯೋಚಿಸುವ ಹೊತ್ತನ್ನು ಕಾರ್ಯಕ್ರಮದ ಒಳಗೇ ಇಟ್ಟುಕೊಡಬೇಕು. ಹೆಚ್ಚಿನ ಲೈವ್‌ಗಳು ಸೋಲುವುದು ಈ ಮೂರನೆಯದರಲ್ಲಿ. ಒಂದೂವರೆ ಗಂಟೆಯಲ್ಲಿ 70-80 ಸೀರೆ ಹಾರಿಸಿ ತೋರಿಸುತ್ತಾರೆ. ನೋಡುವವರು ಒಂದರ ಬಗ್ಗೆ ಪ್ರಶ್ನೆ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಮೂರನೆಯ ಸೀರೆ ಬಂದಿರುತ್ತದೆ. ನೋಡಿದವರ ಸಂಖ್ಯೆ ದೊಡ್ಡದು, ಬುಕಿಂಗ್ ಬೆರಳೆಣಿಕೆ.

ಇಳಕಲ್ ಸೀರೆ ಮಾರುವ ಒಬ್ಬ ಮಹಿಳೆಯನ್ನು ಉದಾಹರಣೆಗೆ ಇಟ್ಟುಕೊಂಡು ಒಂದು ಲೈವ್ ಅನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ನೋಡೋಣ. ಮನೆಯಿಂದಲೇ ವ್ಯಾಪಾರ. ಕೈಯಲ್ಲಿ ಒಂದು ಫೋನು, ವಾಟ್ಸ್‌ಆ್ಯಪ್‌ಗೆ ಇನ್ನೊಂದು ಫೋನು, ಜೊತೆಗೆ ಸಹಾಯಕ್ಕೆ ತಂಗಿ. ಇಲ್ಲಿ ಹೇಳುವ ಬೆಲೆಗಳು ಲೆಕ್ಕ ತಿಳಿಯಲು ಹಾಕಿಕೊಂಡವು ಮಾತ್ರ.

ಯಾವ ದಿನ, ಎಷ್ಟು ಸೀರೆ

ಉತ್ತರ ಕರ್ನಾಟಕದಲ್ಲಿ ಸೀರೆಯ ದೊಡ್ಡ ಹಂಗಾಮು ಶ್ರಾವಣ. ನಾಗರಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಬೇಕು, ಆಮೇಲೆ ವರಮಹಾಲಕ್ಷ್ಮಿ, ಗೌರಿ ಹಬ್ಬ ಬರುತ್ತವೆ. ಹಾಗೆಂದು ಹಬ್ಬದ ಹಿಂದಿನ ವಾರ ಲೈವ್ ಮಾಡಿದರೆ ತಡವಾಯಿತೆಂದೇ ಅರ್ಥ. ಕೊರಿಯರ್‌ಗೆ ನಾಲ್ಕೈದು ದಿನ ಹೋಗುತ್ತದೆ. ಹಬ್ಬ ಹತ್ತಿರವಾದಂತೆ ದರ್ಜಿಗಳು ಹೊಸ ಬ್ಲೌಸ್ ಹೊಲಿಗೆ ಹಿಡಿಯುವುದನ್ನೇ ನಿಲ್ಲಿಸುತ್ತಾರೆ. ಬ್ಲೌಸ್ ಹೊಲಿಸಲು ಹೊತ್ತಿಲ್ಲ ಎಂದು ತಿಳಿದ ಗಿರಾಕಿ ಎಷ್ಟು ಇಷ್ಟವಾದರೂ ಕೊಳ್ಳುವುದಿಲ್ಲ. ಹಬ್ಬಕ್ಕೆ ಮೂರು ವಾರ ಮೊದಲು ಲೈವ್ ಇಟ್ಟುಕೊಳ್ಳುವುದು ಈ ಕಾರಣಕ್ಕೆ.

ಹೊತ್ತು ಯಾವುದೆಂದು ನಿಮ್ಮ ಗಿರಾಕಿಗಳನ್ನೇ ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಮಧ್ಯಾಹ್ನ 3 ಗಂಟೆ. ಮನೆಯಲ್ಲಿರುವ ಮಹಿಳೆಯರ ಊಟದ ಕೆಲಸ ಮುಗಿದಿರುತ್ತದೆ, ಸಂಜೆಯ ಧಾರಾವಾಹಿ ಇನ್ನೂ ಶುರುವಾಗಿರುವುದಿಲ್ಲ, ಕಿಟಕಿಯಿಂದ ಒಳ್ಳೆಯ ಬೆಳಕೂ ಸಿಗುತ್ತದೆ. ಗಿರಾಕಿಗಳಲ್ಲಿ ಕೆಲಸಕ್ಕೆ ಹೋಗುವವರೇ ಹೆಚ್ಚಿದ್ದರೆ ಭಾನುವಾರ ಬೆಳಿಗ್ಗೆ 11 ಗಂಟೆ ಒಳ್ಳೆಯದು. ಮೊದಲ ಬಾರಿಗೆ ಯೂಟ್ಯೂಬ್‌ನಲ್ಲಿ ಮಾಡುವವರು ಒಂದು ಮಾತು ನೆನಪಿಡಬೇಕು. ಫೋನಿನಿಂದ ಲೈವ್ ಮಾಡಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರಿರಬೇಕು. ಲೈವ್ ಸೌಲಭ್ಯಕ್ಕೆ ಮೊದಲ ಸಲ ಅನುಮತಿ ಸಿಗಲು 24 ಗಂಟೆವರೆಗೆ ಹಿಡಿಯಬಹುದು. ಅದೇ ದಿನ ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಲೈವ್ ಆಗದೆ ಹೋದೀತು.

ಈಗ ಸೀರೆಯ ಲೆಕ್ಕ. ಒಟ್ಟು 90 ನಿಮಿಷ. ಮೊದಲ 8 ನಿಮಿಷ ಜನ ಸೇರುವುದಕ್ಕೆ ಬಿಡಬೇಕು. ನಡುವೆ ಪ್ರಶ್ನೆಗಳಿಗೆಂದು 5 ನಿಮಿಷದ ಎರಡು ಬಿಡುವು. ಕೊನೆಯ 15 ನಿಮಿಷ ತೋರಿಸಿದ್ದನ್ನು ಮತ್ತೆ ತೋರಿಸಲು. ಇಷ್ಟು ಕಳೆದರೆ ಉಳಿಯುವುದು 57 ನಿಮಿಷ. ಒಂದು ಸೀರೆಗೆ 3 ನಿಮಿಷದಂತೆ 18 ಸೀರೆಗೆ 54 ನಿಮಿಷ. ಉಳಿದ 3 ನಿಮಿಷ ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಎಂದು ಬಿಟ್ಟದ್ದು.

ಒಂದು ಸೀರೆಗೆ 3 ನಿಮಿಷ ಬೇಕೇ ಎನ್ನಿಸಬಹುದು. ನೀವು ಆಡಿದ ಮಾತು ಆ ಕ್ಷಣದಲ್ಲೇ ನೋಡುವವರನ್ನು ಮುಟ್ಟುವುದಿಲ್ಲ. ವೇದಿಕೆಯನ್ನೂ ನೆಟ್‌ವರ್ಕನ್ನೂ ಅನುಸರಿಸಿ ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ ತಡವಾಗುತ್ತದೆ. ಅವರು ನೋಡಿ, ಪಕ್ಕದಲ್ಲಿರುವ ಅತ್ತೆಯನ್ನೋ ಮಗಳನ್ನೋ ಕೇಳಿ, ಕಾಮೆಂಟ್ ಬರೆದು, ಅದು ನಿಮ್ಮ ಫೋನಿಗೆ ಬರುವಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತದೆ. ಒಂದೂವರೆ ನಿಮಿಷ ಮಾತು, ಒಂದೂವರೆ ನಿಮಿಷ ಪ್ರಶ್ನೆಗೆ ಕಾಯುತ್ತಾ ಸೀರೆಯನ್ನು ಕೈಯಲ್ಲೇ ಇಟ್ಟುಕೊಂಡಿರುವುದು, ಇದೇ ಸರಿಯಾದ ಹದ. ಆ ಎರಡನೆಯ ಭಾಗದಲ್ಲಿ ಮಾತು ಕಡಿಮೆಯಾದರೂ ಚಿಂತೆಯಿಲ್ಲ. ಸೀರೆ ಕಣ್ಣ ಮುಂದೆ ಇದ್ದರೆ ಸಾಕು.

ಯಾವುದರ ಹಿಂದೆ ಯಾವುದು

ದುಬಾರಿಯದನ್ನು ಮೊದಲೇ ತೋರಿಸಬೇಕು ಎನ್ನುವವರಿದ್ದಾರೆ, ಕೊನೆಗೆ ಇಟ್ಟು ಕಾಯಿಸಬೇಕು ಎನ್ನುವವರೂ ಇದ್ದಾರೆ. ಎರಡರಲ್ಲೂ ತೊಂದರೆ ಇದೆ. ಲೈವ್ ಶುರುವಾದಾಗ ಜನ ಕಡಿಮೆ. ಒಂದೇ ಪೀಸ್ ಇರುವ ಒಳ್ಳೆಯ ಸೀರೆ ಆಗಲೇ ಹೋದರೆ ತಡವಾಗಿ ಬಂದವರು ಅದನ್ನು ನೋಡುವುದೇ ಇಲ್ಲ. ಕೊನೆಯಲ್ಲಿ ಇಟ್ಟರೆ ಅಷ್ಟು ಹೊತ್ತು ಕೂರುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಆದ್ದರಿಂದ 18 ಸೀರೆಗಳನ್ನು ಮೂರು ಗುಂಪು ಮಾಡಬೇಕು.

1ರಿಂದ 6: ಆರ್ಟ್ ಸಿಲ್ಕ್ ಇಳಕಲ್, 1,400 ರೂಪಾಯಿ ಆಸುಪಾಸು. ಪ್ರತಿಯೊಂದರಲ್ಲೂ ಐದಾರು ಪೀಸ್ ಇರುವಂಥವೇ ಆಗಬೇಕು. ಹತ್ತು ನಿಮಿಷ ತಡವಾಗಿ ಬಂದವರೂ ಕೇಳಿ ಕೊಳ್ಳಬಹುದು. ಮೊದಲ ಬುಕಿಂಗ್ ಬೇಗ ಬಿದ್ದರೆ ಹೊಸಬರಿಗೂ ಧೈರ್ಯ ಬರುತ್ತದೆ.

7ರಿಂದ 13: ಕೈಮಗ್ಗದ ಸೀರೆಗಳು, ಹತ್ತಿಯ ಒಡಲು, ರೇಷ್ಮೆಯ ದಡಿ ಮತ್ತು ಸೆರಗು, 3,000ದಿಂದ 4,500 ರೂಪಾಯಿ. ನಡುವೆ 10ನೆಯದಾಗಿ 9,500 ರೂಪಾಯಿಯ ಒಂದು ಅಪ್ಪಟ ರೇಷ್ಮೆ. ಇದು ನಡೆಯುವುದು 31ನೇ ನಿಮಿಷದಿಂದ 52ರವರೆಗೆ. ಬರುವವರೆಲ್ಲ ಬಂದು ಸೇರಿರುತ್ತಾರೆ, ಹೊರಡುವವರು ಇನ್ನೂ ಎದ್ದಿರುವುದಿಲ್ಲ. ಒಂದೊಂದೇ ಪೀಸ್ ಇರುವವು ಇಲ್ಲೇ ಬರಬೇಕು.

14ರಿಂದ 18: ದಿನಬಳಕೆಯ ಹತ್ತಿ ಸೀರೆಗಳು, ಸಾವಿರ ರೂಪಾಯಿಯ ಒಳಗೆ, ಮತ್ತು ಗುಳೇದಗುಡ್ಡದ ಖಣ. ಎರಡನೇ ಗುಂಪಿನಲ್ಲಿ ಸೀರೆ ಬುಕ್ ಮಾಡಿದವರು ಈಗ ಅದೇ ಪಾರ್ಸಲ್‌ನಲ್ಲಿ ಇನ್ನೊಂದನ್ನು ಸೇರಿಸಬಹುದು. ಕೊರಿಯರ್ ಖರ್ಚು ಅವರಿಗೆ ಹೆಚ್ಚಾಗಿ ಬೀಳುವುದಿಲ್ಲ. ಉಡಿ ತುಂಬಲು, ಬಾಗಿನಕ್ಕೆ, ಮನೆ ಕೆಲಸದವರಿಗೆ ಕೊಡಲು ಹುಡುಕುವವರಿಗೂ ಬೇಕಾದದ್ದು ಸಿಗುತ್ತದೆ.

ಗುಂಪು ಮಾಡುವುದರಿಂದ ಇನ್ನೊಂದು ಅನುಕೂಲವಿದೆ. ಏಳು ಕೈಮಗ್ಗದ ಸೀರೆಗೆ ಏಳು ಸಲ ಕೈಮಗ್ಗದ ವಿವರ ಹೇಳಬೇಕಿಲ್ಲ. ಗುಂಪಿನ ಮೊದಲ ಸೀರೆಯಲ್ಲಿ ವಿವರವಾಗಿ ಹೇಳಿ, ಉಳಿದವಕ್ಕೆ ಆ ಸೀರೆಯದೇ ಆದ ಗುಣ ಹೇಳಿದರೆ ಸಾಕು. ಅಪ್ಪಟ ರೇಷ್ಮೆ ಕೊಳ್ಳಲಾಗದವರು 9,500 ಎಂದು ಕೇಳಿದ ಕೂಡಲೇ ಹೊರಟುಹೋಗಬಾರದು. ಅದಕ್ಕಾಗಿ 11ನೆಯದಾಗಿ ಗುಂಪಿನಲ್ಲೇ ಕಡಿಮೆ ಬೆಲೆಯ, 3,000 ರೂಪಾಯಿಯ ಸೀರೆ ಇಡಬೇಕು.

ಕೊನೆಯ ಹದಿನೈದು ನಿಮಿಷದಲ್ಲಿ ಹೊಸ ಸೀರೆ ಬೇಡ. ಉಳಿದಿರುವುದನ್ನು ನಂಬರ್ ಹೇಳಿ ಒಂದೊಂದು ಅರ್ಧ ನಿಮಿಷ ಮತ್ತೆ ತೋರಿಸಬೇಕು. ಮೊದಲ ಸಲ ನೋಡಿದಾಗ ತೀರ್ಮಾನಿಸಲು ಆಗದಿದ್ದವರಿಗೆ ಇದು ಎರಡನೇ ಅವಕಾಶ.

ಒಂಬತ್ತನೇ ಸೀರೆಯ ಮೂರು ನಿಮಿಷ

ಮಾತಿನ ಪಟ್ಟಿಯನ್ನು ಒಂದು ರಟ್ಟಿನ ಚೀಟಿಯಲ್ಲಿ ಬರೆದು ಪ್ರತಿ ಸೀರೆಯ ಮೇಲೆ ಇಡಬೇಕು. ನಂಬರ್, ಬೆಲೆ, ಎಷ್ಟು ಪೀಸ್, ನೂಲು, ದಡಿಯ ಹೆಸರು, ಸೆರಗು, ಎಷ್ಟು ಗಜ, ಬ್ಲೌಸ್ ಪೀಸ್ ಇದೆಯೇ, ಹೇಗೆ ಒಗೆಯಬೇಕು. ಇವಿಷ್ಟೇ. ಬಾಯಿಪಾಠ ಮಾಡಿ ಒಪ್ಪಿಸುವುದಲ್ಲ, ಮರೆತಾಗ ಕಣ್ಣು ಹಾಯಿಸಲು. ನಂಬರ್ ಮತ್ತು ಬೆಲೆಯನ್ನು ದಪ್ಪ ಅಕ್ಷರದಲ್ಲಿ ಬರೆದ ಇನ್ನೊಂದು ಚೀಟಿ ಸೀರೆಯ ಜೊತೆ ಕ್ಯಾಮೆರಾಕ್ಕೆ ಕಾಣುತ್ತಲೇ ಇರಬೇಕು. ಫೇಸ್‌ಬುಕ್ ತನ್ನ ಲೈವ್ ಶಾಪಿಂಗ್ ಸೌಲಭ್ಯವನ್ನು 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಲೈವ್ ನಡೆಸಬಹುದು, ಆದರೆ ಅಲ್ಲಿ ಸರಕಿನ ಕೊಂಡಿ ಸೇರಿಸಲು ಬರುವುದಿಲ್ಲ. ನೋಡುವವರು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸುವ ಪದ್ಧತಿಯೇ ಸಣ್ಣ ವ್ಯಾಪಾರಿಗಳಿಗೆ ಆಧಾರ. ಸ್ಕ್ರೀನ್‌ಶಾಟ್‌ನಲ್ಲಿ ನಂಬರ್ ಇಲ್ಲದಿದ್ದರೆ ಯಾವ ಕೆಂಪು ಸೀರೆ ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ಒಂಬತ್ತನೇ ಸೀರೆಯನ್ನು ಹತ್ತಿರದಿಂದ ನೋಡೋಣ.

"ನೋಡ್ರಿ ಅಕ್ಕಾರ, ಇದು ಒಂಬತ್ತನೇ ನಂಬರ್. ರೇಟು 4,200 ರೂಪಾಯಿ, ಕೊರಿಯರ್ ಸೇರಿಸಿ. ಒಂದ ಪೀಸ್ ಐತಿ. ಕೈಮಗ್ಗದ್ದು. ಒಡಲು ಹತ್ತಿ, ದಡಿ ಮತ್ತ ಸೆರಗು ರೇಷ್ಮಿ."

ಇಷ್ಟಕ್ಕೆ ಇಪ್ಪತ್ತು ಸೆಕೆಂಡ್. ಬೆಲೆಯನ್ನು ಕೊನೆಯವರೆಗೆ ಮುಚ್ಚಿಟ್ಟರೆ ಜನ ಕುತೂಹಲದಿಂದ ಕಾಯುತ್ತಾರೆ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಕಾಮೆಂಟ್‌ಗಳೆಲ್ಲ "ರೇಟ್ ಎಷ್ಟು" ಎಂಬುದರಿಂದಲೇ ತುಂಬಿ, ನಿಜವಾಗಿ ಕೊಳ್ಳುವವರ ಪ್ರಶ್ನೆ ಅದರಡಿ ಮುಳುಗಿಹೋಗುತ್ತದೆ. ಬೆಲೆ ಮೊದಲೇ ತಿಳಿದರೆ ತಮಗೆ ಹೊಂದುವವರು ಮಾತ್ರ ಮುಂದಿನ ಪ್ರಶ್ನೆ ಕೇಳುತ್ತಾರೆ.

ಆಮೇಲೆ ಸೀರೆ ಬಿಡಿಸುವುದು. ಮೊದಲು ಒಡಲು ಮತ್ತು ದಡಿ, ಪೂರ್ತಿ ಅಗಲಕ್ಕೆ. "ದಡಿ ಗೋಮಿ ಐತಿ. ಹತ್ರ ತರ್ತೀನಿ, ನೋಡ್ರಿ." ಸೀರೆಯನ್ನು ಕ್ಯಾಮೆರಾ ಹತ್ತಿರ ಒಯ್ದು ಐದು ಎಣಿಸುವವರೆಗೆ ಅಲ್ಲಾಡಿಸದೆ ಹಿಡಿಯಬೇಕು. ಕೈ ಅಲುಗಿದರೆ ನೇಯ್ಗೆ ಮಸುಕಾಗುತ್ತದೆ, ಸ್ಕ್ರೀನ್‌ಶಾಟ್ ಕೂಡ ಕೆಡುತ್ತದೆ.

ನಂತರ ಸೆರಗು. ಇಳಕಲ್ ಸೀರೆಯ ಹೆಗ್ಗುರುತು ತೋಪತೆನಿ ಸೆರಗು, ಕೆಂಪು ರೇಷ್ಮೆಯ ನಡುವೆ ಹಲ್ಲುಹಲ್ಲಾದ ಬಿಳಿ ವಿನ್ಯಾಸ. "ಇಲ್ಲಿ ನೋಡ್ರಿ, ಒಡಲು ಮುಗದು ಸೆರಗು ಶುರು ಆಗೋ ಜಾಗ. ಹತ್ತಿ ಎಳಿಗೆ ರೇಷ್ಮಿ ಎಳಿ ಒಂದೊಂದ ಕೊಂಡಿ ಹಾಕಿ ಜೋಡ್ಸ್ಯಾರ." ಈ ಮಾತು ಬೇರೆ ಯಾವ ಸೀರೆಗೂ ಹೊಂದುವುದಿಲ್ಲ. ಒಡಲಿಗೊಂದು, ಸೆರಗಿಗೊಂದು ಬೇರೆ ಬೇರೆ ಹಾಸು ಮಾಡಿ, ಎರಡರ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವುದು ಇಳಕಲ್ ನೇಕಾರರ ವಿಶೇಷ ಪದ್ಧತಿ. ಅದನ್ನು ಬೆರಳಿಟ್ಟು ತೋರಿಸಿದರೆ 4,200 ಯಾಕೆ ಎಂಬುದಕ್ಕೆ ಬೇರೆ ಉತ್ತರ ಬೇಕಾಗುವುದಿಲ್ಲ. "ಸೂಪರ್ ಕ್ವಾಲಿಟಿ", "ತುಂಬಾ ರಿಚ್ ಲುಕ್" ಎಂದು ಹದಿನೆಂಟು ಸೀರೆಗೂ ಹೇಳಿದರೆ ಯಾವುದರ ಬಗ್ಗೆಯೂ ಏನೂ ಹೇಳಿದಂತಾಗುವುದಿಲ್ಲ.

ಇಲ್ಲಿಗೆ ಒಂದೂವರೆ ನಿಮಿಷ. ಈಗ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ನಿಲ್ಲಬೇಕು. ನೆರಿಗೆ ಹೇಗೆ ಬೀಳುತ್ತದೆ, ಮೈಮೇಲೆ ದಡಿ ಎಷ್ಟು ಅಗಲ ಕಾಣುತ್ತದೆ ಎಂಬುದು ಅದರಲ್ಲೇ ತಿಳಿಯುತ್ತದೆ. ಅಷ್ಟರಲ್ಲಿ ಕಾಮೆಂಟ್ ಬರಲು ಶುರುವಾಗುತ್ತದೆ. ಅವನ್ನು ಓದಿ ಹೇಳುವುದು ತಂಗಿಯ ಕೆಲಸ.

"ಅಕ್ಕಾ, ಬೆಳಗಾವಿಯಿಂದ ಕೇಳಾಕತ್ತಾರ, ಎಷ್ಟು ಗಜ ಐತಿ? ನಮ್ಮ ಅತ್ತಿಯವರಿಗೆ ಕಚ್ಚಿ ಹಾಕಾಕ ಬರ್ತೈತೇನು?"

"ಇಲ್ರಿ, ಇದು ಆರು ಗಜ ಐತಿ. ಕಚ್ಚಿಗೆ ಸಾಲಂಗಿಲ್ಲ. ಒಂಬತ್ತು ಗಜದ್ದು ಬೇಕಂದ್ರ ವಾಟ್ಸ್‌ಆ್ಯಪ್ ಮಾಡ್ರಿ, ಬ್ಯಾರೆ ತೋರ್ಸ್ತೀನಿ. ಇದರಾಗ ಬ್ಲೌಸ್ ಪೀಸ್ ಇಲ್ರಿ, ಖಣ ಜೋಡಿ ಮಾಡ್ಕೋಬಹುದು."

ಸಾಲುವುದಿಲ್ಲ, ಬ್ಲೌಸ್ ಪೀಸ್ ಇಲ್ಲ ಎಂದು ಹೀಗೆ ಮುಂಚೆಯೇ ಹೇಳಿದ ಮಾತು ಒಂದು ಮಾರಾಟವನ್ನು ಕಳೆಯಬಹುದು. ಆದರೆ ವಾಪಸ್ ಬರುವ ಒಂದು ಪಾರ್ಸಲ್ ಅನ್ನೂ, ಜೊತೆಗೆ ಮುನಿದ ಗಿರಾಕಿಯನ್ನೂ ತಪ್ಪಿಸುತ್ತದೆ. ಖಣದ ಹೆಸರು ಇಲ್ಲಿ ಬಂದದ್ದರಿಂದ ಮೂರನೇ ಗುಂಪಿಗೆ ದಾರಿಯೂ ಆಯಿತು.

ಬಣ್ಣ ಮೋಸ ಮಾಡದಂತೆ

"ಫೋನಿನಲ್ಲಿ ಕಂಡ ಬಣ್ಣವೇ ಬೇರೆ" ಎಂಬುದು ಸೀರೆ ವಾಪಸ್ ಬರುವಾಗ ಪದೇಪದೇ ಕೇಳುವ ದೂರು. ಫೋನಿನ ಕ್ಯಾಮೆರಾ ಎದುರಿಗಿರುವುದಕ್ಕೆ ತಕ್ಕಂತೆ ಬೆಳಕನ್ನೂ ಬಣ್ಣವನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಕಪ್ಪು ಸೀರೆ ಪರದೆ ತುಂಬಿದರೆ ಬೆಳಕು ಹೆಚ್ಚಿಸಿ ಬೂದಿ ಮಾಡುತ್ತದೆ. ತಿಳಿಬಣ್ಣದ್ದು ಬಂದರೆ ಬೆಳಕು ಇಳಿಸಿ ಮಂಕು ಮಾಡುತ್ತದೆ. ಕಡು ಬಣ್ಣದ ಬೆನ್ನಿಗೇ ತಿಳಿಬಣ್ಣ ತೋರಿಸಿದರೆ ಕ್ಯಾಮೆರಾ ಹೊಂದಿಕೊಳ್ಳುವ ಆ ಕೆಲವು ಕ್ಷಣ ಎರಡೂ ತಪ್ಪಾಗಿ ಕಾಣುತ್ತವೆ. ಆದ್ದರಿಂದ ಪ್ರತಿ ಗುಂಪಿನ ಒಳಗೆ ತಿಳಿಯಿಂದ ಕಡುವಿಗೆ ಸಾಗಬೇಕು. ಇಳಕಲ್‌ನಲ್ಲಿ ಬರುವ ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣಗಳಲ್ಲಿ ಕೊನೆಯದೇ ಹೆಚ್ಚು ಕಷ್ಟ. ನೀಲಿ, ಹಸಿರು ಎರಡೂ ಬೆರೆತದ್ದನ್ನು ಫೋನು ಯಾವುದಾದರೂ ಒಂದು ಕಡೆಗೆ ಎಳೆದುಬಿಡುತ್ತದೆ.

ಹಿಂದಿನ ದಿನ ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ ಹದಿನೆಂಟೂ ಸೀರೆಗಳನ್ನು ಚಿತ್ರೀಕರಿಸಿ, ಬೇರೊಂದು ಫೋನಿನಲ್ಲಿ ನೋಡುತ್ತಾ ಸೀರೆಯನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಯಾವುದು ತಪ್ಪಾಗಿ ಕಾಣುತ್ತದೋ ಅದರ ಚೀಟಿಯಲ್ಲಿ ಬರೆದುಕೊಳ್ಳಬೇಕು. "ಫೋನಿನಾಗ ನೀಲಿ ಕಾಣ್ತೈತಿ, ಕೈಯಾಗ ಇನ್ನೂ ಸ್ವಲ್ಪ ಹಸಿರು ಐತ್ರಿ" ಎಂದು ಲೈವ್‌ನಲ್ಲೇ ಹೇಳಬೇಕು. ಕಿಟಕಿ ಬೆಳಕಿದ್ದಾಗ ಹಳದಿ ಬಲ್ಬು ಹಾಕಬಾರದು, ಎರಡು ಬಗೆಯ ಬೆಳಕು ಸೇರಿದರೆ ಬಣ್ಣ ಹದ ತಪ್ಪುತ್ತದೆ. ಬ್ಯೂಟಿ ಫಿಲ್ಟರ್ ಆನ್ ಆಗಿದ್ದರೆ ತೆಗೆಯಬೇಕು. ಅದು ಮುಖವನ್ನಷ್ಟೇ ಅಲ್ಲ, ಬಟ್ಟೆಯ ಬಣ್ಣವನ್ನೂ ಬದಲಿಸಬಲ್ಲದು.

ಬುಕಿಂಗ್ ಗೊಂದಲವಾಗದಂತೆ

ಒಂದೇ ಪೀಸ್ ಇರುವ ಒಂಬತ್ತನೇ ಸೀರೆಯನ್ನು ಮೂವರು ಕೇಳುತ್ತಾರೆ. ಒಬ್ಬರು ಕಾಮೆಂಟ್‌ನಲ್ಲಿ "ನನಗೆ" ಎನ್ನುತ್ತಾರೆ, ಇನ್ನೊಬ್ಬರು ವಾಟ್ಸ್‌ಆ್ಯಪ್‌ಗೆ ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಮೂರನೆಯವರು ನೇರ ಕರೆ ಮಾಡುತ್ತಾರೆ. ಯಾರಿಗೆ ಕೊಡಬೇಕು? ನಿಯಮವನ್ನು ಮೊದಲ ಎಂಟು ನಿಮಿಷದಲ್ಲೇ ಹೇಳಿ, ಎರಡೂ ಬಿಡುವಿನಲ್ಲಿ ಮತ್ತೆ ಹೇಳಬೇಕು. ವಾಟ್ಸ್‌ಆ್ಯಪ್‌ಗೆ ನಂಬರ್ ಕಾಣುವ ಸ್ಕ್ರೀನ್‌ಶಾಟ್ ಮೊದಲು ಬಂದವರಿಗೆ ಸೀರೆ, ಕಾಮೆಂಟ್ ಲೆಕ್ಕಕ್ಕಿಲ್ಲ. ಅರ್ಧ ಗಂಟೆಯಲ್ಲಿ ಹಣ ಬಾರದಿದ್ದರೆ ಎರಡನೆಯವರಿಗೆ. ಒಂದೇ ಕಡೆ, ಒಂದೇ ಗಡಿಯಾರದ ಪ್ರಕಾರ ನಡೆದರೆ ಜಗಳ ಬರುವುದಿಲ್ಲ.

ತಂಗಿಯ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಪ್ರತಿ ಸೀರೆಗೆ ಒಂದು ಸಾಲು: ನಂಬರ್, ಮೊದಲು ಕೇಳಿದವರು, ಎರಡನೆಯವರು, ಸಮಯ, ಹಣ ಬಂತೇ. ಇಲ್ಲಿ ಎಚ್ಚರಿಕೆ ಬೇಕು. ಹಣ ಕಳಿಸಿದ್ದೇವೆಂದು ತೋರಿಸುವ ಯುಪಿಐ ಸ್ಕ್ರೀನ್‌ಶಾಟ್ ಅನ್ನು ತಿದ್ದಿ ಕಳಿಸುವ ಮೋಸಗಾರರಿದ್ದಾರೆ. ಖಾತೆಗೆ ಹಣ ಬಂದದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿ ಆಮೇಲೆ "ಬುಕ್" ಎಂದು ಬರೆಯಬೇಕು. ಬುಕ್ ಆದ ಸೀರೆಯನ್ನು ಕೂಡಲೇ ಬೇರೆ ಬುಟ್ಟಿಗೆ ಹಾಕಿದರೆ ಕೊನೆಯ ಸುತ್ತಿನಲ್ಲಿ ಅದನ್ನೇ ಮತ್ತೆ ತೋರಿಸುವ ಎಡವಟ್ಟು ಆಗುವುದಿಲ್ಲ.

ಎರಡು ಬಿಡುವುಗಳ ಉಪಯೋಗವೂ ಇದೇ. 26ನೇ ಮತ್ತು 52ನೇ ನಿಮಿಷದಲ್ಲಿ ಹೊಸ ಸೀರೆ ನಿಲ್ಲಿಸಿ, ಈವರೆಗೆ ಹೋದವು ಯಾವುವು, ಉಳಿದವು ಯಾವುವು ಎಂದು ನಂಬರ್ ಓದಬೇಕು. ಬಾಕಿ ಪ್ರಶ್ನೆಗಳಿಗೆ ಉತ್ತರಿಸಬೇಕು, ಕೊರಿಯರ್ ಎಂದು ಹೊರಡುತ್ತದೆ, ಸೀರೆಯಲ್ಲಿ ದೋಷವಿದ್ದರೆ ಬದಲಿಸುವುದು ಹೇಗೆ ಎಂದು ಹೇಳಬೇಕು. ಪಾರ್ಸಲ್ ತೆರೆಯುವಾಗ ವಿಡಿಯೊ ಮಾಡಿಕೊಳ್ಳಿ ಎಂದು ಕೇಳುವುದಿದ್ದರೆ ಅದನ್ನು ಈಗಲೇ ಹೇಳಬೇಕು, ದೂರು ಬಂದ ಮೇಲಲ್ಲ.

ಮಾತಿನ ಭರದಲ್ಲಿ ಹೇಳಬಾರದ್ದೂ ಒಂದಿದೆ. ಐದು ಪೀಸ್ ಇಟ್ಟುಕೊಂಡು "ಒಂದೇ ಉಳಿದಿದೆ, ಬೇಗ ಬೇಗ" ಎನ್ನುವುದು ಲೈವ್‌ಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ಮಾರಾಟದ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿದೆ. ಇಲ್ಲದ ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಆರ್ಟ್ ಸಿಲ್ಕ್ ಅನ್ನು ರೇಷ್ಮೆ ಎನ್ನುವುದಂತೂ ನೇರ ವಂಚನೆ. ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ಅದನ್ನೇ ಕ್ಯಾಮೆರಾಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಯಾವ ನೂಲು, ಯಾವ ಮಗ್ಗ ಎಂದು ನೀವು ತಿಳಿದಷ್ಟನ್ನು ಹೇಳಬೇಕು. ಲೈವ್‌ನ ವಿಡಿಯೊ ಉಳಿದಿರುತ್ತದೆ, ಆಡಿದ ಮಾತಿಗೆ ಅದೇ ಸಾಕ್ಷಿ.

ಮುಗಿದ ಮೇಲೆ

ಅದೇ ಸಂಜೆ ನೋಟ್‌ಬುಕ್ ತೆರೆದು ಕೂರಬೇಕು. ಮೂರು ಬಗೆಯ ಸೀರೆಗಳು ಅಲ್ಲಿ ಕಾಣುತ್ತವೆ. ಇಬ್ಬರು ಮೂವರು ಕೇಳಿ ಒಬ್ಬರಿಗೇ ಸಿಕ್ಕವು: ಇಂಥವನ್ನೇ ನೇಕಾರರಿಗೆ ಹೇಳಿ ಮತ್ತೆ ತರಿಸಬೇಕು, ಸಿಗದವರಿಗೆ ಮೊದಲು ತಿಳಿಸಬೇಕು. ಪ್ರಶ್ನೆ ಬಹಳ ಬಂದು ಬುಕಿಂಗ್ ಬೀಳದವು: ಜನರಿಗೆ ಇಷ್ಟವಾಗಿದೆ, ಆದರೆ ಏನೋ ಅಡ್ಡ ಬಂದಿದೆ. ಪ್ರಶ್ನೆಗಳನ್ನೇ ಓದಿದರೆ ಅದು ಬೆಲೆಯೋ, ಉದ್ದವೋ, ಬ್ಲೌಸ್ ಇಲ್ಲದ್ದೋ ಎಂದು ತಿಳಿಯುತ್ತದೆ. ಉದ್ದದ ಪ್ರಶ್ನೆಯೇ ಹೆಚ್ಚಾಗಿದ್ದರೆ ಮುಂದಿನ ಸಲ ಎರಡನೇ ಗುಂಪಿನಲ್ಲಿ ಎರಡು ಒಂಬತ್ತು ಗಜದ ಸೀರೆ ಇರಬೇಕು. ಪ್ರಶ್ನೆಯೇ ಬಾರದವು: ಅವು ಯಾವ ನಿಮಿಷದಲ್ಲಿ ಬಂದವು ಎಂದು ನೋಡಬೇಕು. ಮೊದಲ ಹತ್ತು ನಿಮಿಷದಲ್ಲಿ ಬಂದಿದ್ದರೆ ತಪ್ಪು ಸೀರೆಯದಲ್ಲ, ಜಾಗದ್ದಿರಬಹುದು. ಮುಂದಿನ ಲೈವ್‌ನಲ್ಲಿ ನಡುವಿಗೆ ತಂದು ಇನ್ನೊಮ್ಮೆ ತೋರಿಸಬೇಕು. ಅಲ್ಲಿಯೂ ಯಾರೂ ಕೇಳದಿದ್ದರೆ ಆ ಬಣ್ಣವನ್ನೋ ಆ ದಡಿಯನ್ನೋ ಮತ್ತೆ ತರಿಸಬಾರದು.

ವಾಪಸ್ ಬಂದ ಸೀರೆಗಳ ಕಾರಣವನ್ನೂ ಅದೇ ಸಾಲಿನ ಮುಂದೆ ಬರೆಯಬೇಕು. ಬಣ್ಣ ಎಂದು ಬಂದಿದ್ದರೆ ಬೆಳಕು ಸರಿಮಾಡಬೇಕು, ಉದ್ದ ಎಂದಿದ್ದರೆ ಮಾತಿನ ಚೀಟಿಯಲ್ಲಿ ಗಜವನ್ನು ಬೆಲೆಯ ಪಕ್ಕಕ್ಕೇ ತರಬೇಕು. ಮುಂದಿನ ಲೈವ್‌ಗೆ ಯಾವ ಹದಿನೆಂಟು ಸೀರೆ, ಯಾವ ಸಾಲಿನಲ್ಲಿ ಎಂಬುದನ್ನು ಈ ಪುಟ ನೋಡಿಯೇ ತೀರ್ಮಾನಿಸಬೇಕು. ಗಿರಾಕಿಗಳು ಕೇಳಿದ್ದು, ಬೇಡವೆಂದದ್ದು ಎರಡೂ ಅದರಲ್ಲಿ ಅವರದೇ ಮಾತಿನಲ್ಲಿ ಇರುತ್ತದೆ.